ತೃಪ್ತಿಯ ತಕ್ಕಡಿ ಯಾರ ಕೈಯಲ್ಲಿದೆ?

‘ಯೂಟ್ಯೂಬ್ ನಮಗೆ ಬೇಕಾದ್ದನ್ನೇ ತೋರಿಸುತ್ತದೆ. ನಮ್ಮ ಅಭಿರುಚಿಯೇ ಕೆಟ್ಟಿದ್ದರೆ ಅದೇನು ಮಾಡೀತು?’ ಸಾಹಿತ್ಯದ ಗೆಳೆಯರ ಬಾಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ನಾನಿದನ್ನು ಒಪ್ಪುವುದಿಲ್ಲ. ‘ಬೇಕಾದ್ದು’ ಎಂಬುದನ್ನು ಅಲ್ಲಿ ಅಳೆಯುವವರು ನಾವಲ್ಲ.

ಮೊದಲು ಅಲ್ಲಿ ಕ್ಲಿಕ್ಕಿಗೆ ಬೆಲೆಯಿತ್ತು. 2012ರಲ್ಲಿ ಅದರ ಜಾಗಕ್ಕೆ ನೋಡಿದ ಹೊತ್ತು ಬಂತು. ಆದರೆ ಜಗಳದ ವಿಡಿಯೊವನ್ನು ಕೊನೆಯವರೆಗೂ ನೋಡಿ, ಆಮೇಲೆ ‘ಥೂ, ಹೊತ್ತು ಹಾಳಾಯ್ತು’ ಅನ್ನುವವರು ನಾವೇ ತಾನೇ? ಇದು ಕಂಪನಿಗೂ ಹೊಳೆಯಿತು. ಹಾಗಾಗಿ ಕೆಲವು ವೀಕ್ಷಕರನ್ನು ಕೇಳತೊಡಗಿತು: ಈ ವಿಡಿಯೊಗೆ ಐದರಲ್ಲಿ ಎಷ್ಟು ನಕ್ಷತ್ರ? ನಾಲ್ಕು ಅಥವಾ ಐದು ಕೊಟ್ಟರೆ ಮಾತ್ರ ಆ ಹೊತ್ತು ಸಾರ್ಥಕವೆಂದು ಲೆಕ್ಕ. ಎಲ್ಲರೂ ಉತ್ತರಿಸುವುದಿಲ್ಲವಲ್ಲ, ಉಳಿದವರು ಏನು ಹೇಳುತ್ತಿದ್ದರು ಎಂಬುದನ್ನು, ಉತ್ತರಿಸಿದವರಿಂದ ಕಲಿತ ಯಂತ್ರ ಊಹಿಸುತ್ತದೆ. ನನ್ನ ತೃಪ್ತಿ ಎಂದು ಅಲ್ಲಿ ದಾಖಲಾಗುವುದು ಬಹುಪಾಲು ಈ ಊಹೆಯೇ.

ಊಹೆಯ ಮೇಲೆ ನನಗೆ ಅಂಥ ಸಿಟ್ಟಿಲ್ಲ. ಸಿಟ್ಟಿರುವುದು ಮುಂದಿನ ಹೆಜ್ಜೆಯ ಮೇಲೆ. ‘ಮುಂದೆ ಯಾವುದು’ ಎಂದು ಆರಿಸುವ ಬಗೆಯನ್ನು ಗೂಗಲ್ ಸಂಶೋಧಕರು 2019ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಮೊದಲು ಕೆಲವು ನೂರು ವಿಡಿಯೊಗಳನ್ನು ಆಯ್ದುಕೊಳ್ಳುತ್ತಾರೆ. ಪ್ರತಿಯೊಂದಕ್ಕೂ ಕ್ಲಿಕ್ ಬೀಳುತ್ತದೆಯೇ, ಎಷ್ಟು ಹೊತ್ತು ನೋಡಬಹುದು, ಮೆಚ್ಚುಗೆ ಒತ್ತುತ್ತಾರೆಯೇ, ಎಷ್ಟು ಅಂಕ ಕೊಡಬಹುದು ಎಂದು ಬೇರೆಬೇರೆಯಾಗಿ ಅಂದಾಜಿಸುತ್ತಾರೆ. ಆಮೇಲೆ ಎಲ್ಲಕ್ಕೂ ಒಂದೊಂದು ತೂಕ ಕೊಟ್ಟು ಒಂದೇ ಅಂಕವಾಗಿಸುತ್ತಾರೆ. ಈ ತೂಕಗಳನ್ನು ಮನುಷ್ಯರೇ ಕೈಯಾರೆ ಹೊಂದಿಸುತ್ತಾರೆ ಎಂದು ಪ್ರಬಂಧವೇ ಹೇಳುತ್ತದೆ.

ಸರಳ ಮಾಡಿ ನೋಡೋಣ, ಅಂಕಿಗಳು ನನ್ನವು. ಕುಮಾರವ್ಯಾಸನ ಬಗ್ಗೆ ನಲವತ್ತು ನಿಮಿಷದ ಉಪನ್ಯಾಸವೊಂದಿದೆ: ಸೆಳೆತಕ್ಕೆ ಹತ್ತರಲ್ಲಿ 3, ತೃಪ್ತಿಗೆ 8. ಪಕ್ಕದಲ್ಲಿ ಸಾಹಿತಿಗಳಿಬ್ಬರ ಜಗಳ: ಸೆಳೆತ 7, ತೃಪ್ತಿ 4. ಸೆಳೆತಕ್ಕೆ ಶೇ. 70, ತೃಪ್ತಿಗೆ ಶೇ. 30 ತೂಕವಿಟ್ಟರೆ ಜಗಳಕ್ಕೆ 6.1, ಉಪನ್ಯಾಸಕ್ಕೆ 4.5. ತೂಕವನ್ನು 40–60 ಮಾಡಿ: ಉಪನ್ಯಾಸಕ್ಕೆ 6, ಜಗಳಕ್ಕೆ 5.2. ನೋಡುಗ ಅವನೇ, ಅವನ ಅಭಿರುಚಿಯೂ ಅದೇ. ಬದಲಾದದ್ದು ತಕ್ಕಡಿ. ಪತ್ರಿಕೆಯ ಸಂಪಾದಕ ಮುಖಪುಟಕ್ಕೆ ಯಾವುದು ಎಂದು ತೀರ್ಮಾನಿಸಿದಾಗ ಹೊಣೆ ಅವನದು ಅನ್ನುತ್ತೇವೆ. ಇಲ್ಲಿ ಮಾತ್ರ ಹೊಣೆ ಓದುಗನದಂತೆ!

ನೇರವಾಗಿ ‘ಬೇಡ’ ಅಂದರೆ? ಮೊಜಿಲ್ಲಾ 2022ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷಿಸಿತು. ‘ಆಸಕ್ತಿ ಇಲ್ಲ’ ಎಂಬ ಗುಂಡಿ ತಡೆದದ್ದು ಬೇಡದ ಶಿಫಾರಸುಗಳಲ್ಲಿ ಶೇ. 11ರಷ್ಟನ್ನು ಮಾತ್ರ. ‘ಈ ಚಾನೆಲ್ ಬೇಡ’ ಎಂಬುದು ಶೇ. 43ರಷ್ಟನ್ನು. ಇಡೀ ವಿಷಯವನ್ನೇ ಮರೆಮಾಡುವುದು ಆ ಗುಂಡಿಗಳ ಉದ್ದೇಶವಲ್ಲ, ಹಾಗೆ ಮಾಡಿದರೆ ನೋಡುಗ ಒಂದೇ ದನಿಯ ಕೋಣೆಯಲ್ಲಿ ಸಿಕ್ಕಿಬೀಳಬಹುದು ಎಂದು ಯೂಟ್ಯೂಬ್ ಉತ್ತರಿಸಿತು. ಇರಲಿ. ಆದರೆ ಊಹಿಸಿದ ತೃಪ್ತಿಯನ್ನು ಅಷ್ಟು ಜತನದಿಂದ ಎಣಿಸುವವರು, ಬಾಯಿಬಿಟ್ಟು ಹೇಳಿದ ಅತೃಪ್ತಿಗೆ ಎಷ್ಟು ತೂಕ ಕೊಟ್ಟಿದ್ದಾರೆ ಎಂಬುದನ್ನಾದರೂ ಹೇಳಲಿ.