ಬಿ.ಎಂ.ಐ. ಚೀಟಿಯ ‘ನಾರ್ಮಲ್’

ಶಿಬಿರಗಳಲ್ಲಿ ಎತ್ತರ, ತೂಕ ನೋಡಿ ‘ಬಿ.ಎಂ.ಐ. ಸರಿಯಿದೆ, ಬೊಜ್ಜಿಲ್ಲ’ ಅಂತ ಚೀಟಿ ಕೊಡ್ತಾರಲ್ಲ, ನನ್ನ ತಕರಾರು ಆ ಮಾತಿನ ಮೇಲೆ. ತಕ್ಕಡಿಗೆ ಕಿಲೋ ಗೊತ್ತು. ಅದು ಕೊಬ್ಬೋ ಮಾಂಸಖಂಡವೋ ಗೊತ್ತಿಲ್ಲ.

ಅಮೆರಿಕದ 13,601 ಜನರ ಮೈಕೊಬ್ಬನ್ನು ಯಂತ್ರದಿಂದ ಅಳೆದ ಲೆಕ್ಕವೊಂದು 2008ರಲ್ಲಿ ಬಂತು. ಗಂಡಸರಲ್ಲಿ ತೂಕದ ಕಾಲುಭಾಗ ದಾಟಿದರೆ ಕೊಬ್ಬು ಹೆಚ್ಚು ಎಂದು ಹಿಡಿದರು. ನೂರು ಗಂಡಸರಲ್ಲಿ ಅಂಥವರು 44. ಬಿ.ಎಂ.ಐ. 30ರ ಗೆರೆಗೆ ಸಿಕ್ಕವರು ಅವರಲ್ಲಿ 16 ಮಾತ್ರ, ಅಂದರೆ ನೂರಕ್ಕೆ 36. ಇದ್ದವರನ್ನು ಹಿಡಿಯುವ ಈ ಶಕ್ತಿಯೇ ಸೆನ್ಸಿಟಿವಿಟಿ. ಕೊಬ್ಬು ಹೆಚ್ಚಿಲ್ಲದ 56 ಮಂದಿಯಲ್ಲಿ ಸುಮ್ಮನೆ ಸಿಕ್ಕಿಬಿದ್ದವರು ಮೂವರು. ನೂರಕ್ಕೆ 95 ಜನರನ್ನು ಸರಿಯಾಗಿಯೇ ಬಿಟ್ಟಿತು. ಅದು ಸ್ಪೆಸಿಫಿಸಿಟಿ.

ಈಗ ಚೀಟಿಯ ಕಡೆಯಿಂದ ಎಣಿಸಿ. ‘ಬೊಜ್ಜು’ ಎಂದ 19 ಚೀಟಿಗಳಲ್ಲಿ 16 ನಿಜ, ನಂಬಬಹುದು. ‘ಇಲ್ಲ’ ಎಂದ 81ರಲ್ಲಿ 28 ಸುಳ್ಳು, ಮೂರಕ್ಕೊಂದು! ಇದಕ್ಕೆ ನೆಮ್ಮದಿ ಅನ್ನೋದೇ?

ನಮ್ಮ ದೇಶದವರಿಗೆ ಬೊಜ್ಜಿನ ಗೆರೆಯನ್ನು 25ಕ್ಕೆ ಇಳಿಸಿದ್ದಾರೆ. ಆಗ ತಪ್ಪಿಸಿಕೊಳ್ಳುವವರು ಕಡಿಮೆಯಾಗ್ತಾರೆ, ನಿಜ; ಆದರೆ ಮೂಟೆ ಹೊರುವ ಗಟ್ಟಿ ಮೈಯವನೂ ಸಿಕ್ಕಿಬೀಳ್ತಾನೆ. ಆದ್ದರಿಂದ ಶಿಬಿರದವರು ಹೊಟ್ಟೆಗೂ ಟೇಪು ಸುತ್ತಲಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಬಿ.ಎಂ.ಐ. ಏನೇ ಹೇಳಲಿ, ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆಯೋದು ಬೇಡ.