ಬೆರಳು ಸರಿಯಾಗಿ ಕೂತಿದ್ದರೆ ಫೋಟೋ ಅಸಲಿಯೇ?

ರಾಮನಗರದ ಹತ್ತಿರ ಕೈಲಾಂಚದಲ್ಲಿರುವ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದಾಗ ಅವರು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಅವರ ನೆಂಟರ ಮಗಳಿಗೆ ನೋಡಿದ್ದ ಹುಡುಗನದು. ಯಾರದೋ ಆರತಕ್ಷತೆ, ಹಿಂದೆ ಹೂವಿನ ಅಲಂಕಾರ, ಹುಡುಗನ ಬಲಗೈಯಲ್ಲಿ ಬಿಯರ್ ಬಾಟಲಿ. ಅದನ್ನು ಯಾರೋ ಹೆಣ್ಣಿನ ಕಡೆಯವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಮಾತುಕತೆ ಅಲ್ಲಿಗೇ ನಿಂತಿತ್ತು.

ಬಾಟಲಿಯನ್ನು ಆಮೇಲೆ ಸೇರಿಸಿರಬಹುದಲ್ಲ ಎಂದೆ. ದೊಡ್ಡಮ್ಮ ಒಪ್ಪಲಿಲ್ಲ. "ಅಂಟ್ಸಿದ್ರೆ ಗೊತ್ತಾಗಲ್ವೇನವ್ವ? ಬೆರಳು ನೋಡು, ಬಾಟ್ಲಿ ಸುತ್ತ ಹೆಂಗೆ ಹಿಡ್ಕಂಡೈತೆ" ಅಂದರು.

ಈ ನಂಬಿಕೆ ದೊಡ್ಡಮ್ಮನದು ಮಾತ್ರವಲ್ಲ. ಕತ್ತರಿಸಿ ಅಂಟಿಸಿದ ವಸ್ತು ಬೆರಳಿನ ಮೇಲೆಯೇ ಕೂರುತ್ತದೆ, ಬೆರಳು ವಸ್ತುವಿನ ಮುಂದೆ ಬಂದಿದ್ದರೆ ಅದು ನಿಜವಾಗಿ ಹಿಡಿದದ್ದೇ ಎಂದು ತುಂಬಾ ಜನ ತಿಳಿದಿದ್ದಾರೆ. ಆದರೆ ಕೈಯಲ್ಲಿ ಮೊದಲೇ ಏನಾದರೂ ಇದ್ದ ಫೋಟೋದಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವುದು ಬೆರಳೇ. ಏಕೆಂದರೆ ಅದನ್ನು ಯಾರೂ ಹೊಸದಾಗಿ ಮಾಡಬೇಕಿಲ್ಲ. ಅದು ಅಸಲಿ ಬೆರಳೇ, ಬೇರೆ ಏನನ್ನೋ ಹಿಡಿದಿದ್ದ ಬೆರಳು.

ನನ್ನದೇ ಒಂದು ಫೋಟೋದಲ್ಲಿ ಇದನ್ನು ಮಾಡಿ ನೋಡಿದೆ. ಹೂಗುಚ್ಛ ಹಿಡಿದ ಕೈಯನ್ನು ಮೂರು ಪದರಗಳೆಂದು ಭಾವಿಸಿ. ಹಿಂದೆ ಅಂಗೈ, ನಡುವೆ ಹೂಗುಚ್ಛದ ಹಿಡಿ, ಮುಂದೆ ನಾಲ್ಕು ಬೆರಳು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಮುಂದಿನ ಬೆರಳುಗಳ ಅಂಚಿನ ಸುತ್ತ ಗೆರೆ ಎಳೆದು, ಅವನ್ನು ಬೇರೆಯೇ ಒಂದು ಪದರಕ್ಕೆ ನಕಲು ಮಾಡಿದೆ. ಅಂಚನ್ನು ಒಂದೆರಡು ಪಿಕ್ಸೆಲ್‌ನಷ್ಟು ಮೃದು ಮಾಡಬೇಕು. ಇಲ್ಲದಿದ್ದರೆ ಬೆರಳು ಬ್ಲೇಡಿನಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಆಮೇಲೆ ಹೂಗುಚ್ಛವನ್ನು ಅಳಿಸಿ, ಬಾಟಲಿಯನ್ನು ತಂದು ಬೆರಳಿನ ಪದರದ ಕೆಳಗೆ, ಅಂಗೈಯ ಮೇಲೆ ಇಟ್ಟೆ. ಇಷ್ಟಕ್ಕೇ ಬೆರಳು ಬಾಟಲಿಯನ್ನು ಸುತ್ತಿ ಹಿಡಿದಂತೆ ಕಂಡಿತು.

ಆದರೂ ಬಾಟಲಿ ತೇಲಿದಂತಿತ್ತು. ಕಾರಣ ನೆರಳು. ಬೆರಳು ಯಾವುದನ್ನಾದರೂ ಮುಟ್ಟಿದ ಕಡೆ ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆ ಇರುತ್ತದೆ. ಅಲ್ಲಿಂದ ದೂರ ಸರಿದಂತೆ ಅದು ಅಗಲವಾಗಿ, ಮಸುಕಾಗಿ ಕರಗುತ್ತದೆ. ಬೆರಳಿಗೂ ಬಾಟಲಿಗೂ ನಡುವೆ ಇನ್ನೊಂದು ಪದರ ಸೇರಿಸಿ, ಅದನ್ನು `Multiply` ಎಂಬ ಬಗೆಗೆ ಬದಲಿಸಿ, ಕಂದು ಬಣ್ಣದಲ್ಲಿ ಆ ನೆರಳನ್ನು ಕೈಯಿಂದಲೇ ಬಳಿಯಬೇಕು. ಎಲ್ಲ ಸೇರಿ ನನಗೆ ಎರಡು ಗಂಟೆ ಹಿಡಿಯಿತು. ಇದೇ ಕಸುಬಾದವರಿಗೆ ಅಷ್ಟು ಬೇಕಾಗದು.

ಹಾಗಿದ್ದರೆ ಕಂಡುಹಿಡಿಯುವುದು ಹೇಗೆ? ಬೆರಳು ಸರಿಯಾಗಿ ಕೂತಿದೆಯೇ ಎಂದು ನೋಡುವ ಬದಲು, ಅದು ಎಷ್ಟು ದಪ್ಪದ ವಸ್ತುವಿಗಾಗಿ ಮಡಚಿದೆ ಎಂದು ನೋಡಿ. ಕಾಗದ ಸುತ್ತಿದ ಹೂಗುಚ್ಛದ ಹಿಡಿ ಸುಮಾರು 4 ಸೆಂ.ಮೀ. ದಪ್ಪ. ಅದನ್ನು ಹಿಡಿದರೆ ಬೆರಳ ತುದಿಗಳು ಹೆಬ್ಬೆರಳಿಗೆ ಹೆಚ್ಚುಕಡಿಮೆ ತಾಗುತ್ತವೆ. ದೊಡ್ಡ ಬಿಯರ್ ಬಾಟಲಿಯ ಹೊಟ್ಟೆ ಸುಮಾರು 7.5 ಸೆಂ.ಮೀ., ಚಿಕ್ಕದರದು ಸುಮಾರು 6 ಸೆಂ.ಮೀ. ಅದನ್ನು ಹಿಡಿದ ಕೈ ತೆರೆದೇ ಇರುತ್ತದೆ, ಬೆರಳಿಗೂ ಹೆಬ್ಬೆರಳಿಗೂ ನಡುವೆ ಗಾಜು ಕಾಣುತ್ತದೆ. ಮನೆಯಲ್ಲಿ ಒಂದು ಲಟ್ಟಣಿಗೆ, ಒಂದು ನೀರಿನ ಬಾಟಲಿ ಹಿಡಿದು ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ.

ಮುಚ್ಚಿದ ಮುಷ್ಟಿಗೆ ದಪ್ಪ ಬಾಟಲಿಯನ್ನು ತುರುಕಲು ಆಗುವುದಿಲ್ಲ. ಹಾಗಾಗಿ ತಿದ್ದುವವರು ಬಾಟಲಿಯನ್ನೇ ಕುಗ್ಗಿಸುತ್ತಾರೆ. ಇದನ್ನು ಅಳೆದು ನೋಡಬಹುದು. ನಾಲ್ಕು ಬೆರಳು ಸೇರಿದ ಮುಷ್ಟಿಯ ಅಗಲ ದೊಡ್ಡವರಲ್ಲಿ ಸುಮಾರು 8 ಸೆಂ.ಮೀ. ಕೈಯೂ ಕೈಯಲ್ಲಿರುವ ವಸ್ತುವೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವುದರಿಂದ, ಫೋಟೋ ಎಷ್ಟೇ ಚಿಕ್ಕದಾಗಿದ್ದರೂ ಮುಷ್ಟಿಯನ್ನೇ ಅಳತೆಪಟ್ಟಿ ಮಾಡಿಕೊಳ್ಳಬಹುದು.

ದೊಡ್ಡಮ್ಮನ ಮೊಬೈಲಿನ ಫೋಟೋವನ್ನು ಹಿಗ್ಗಿಸಿ, ಒಂದು ಕಾಗದದ ಚೂರಿನ ಅಂಚಿನಲ್ಲಿ ಗುರುತು ಹಾಕಿ ಅಳೆದೆ. ಬಾಟಲಿಯ ಹೊಟ್ಟೆಯ ಅಗಲ ಅರ್ಧ ಮುಷ್ಟಿ, ಅಂದರೆ 4 ಸೆಂ.ಮೀ. ಎತ್ತರ ಎರಡು ಮುಷ್ಟಿ, ಅಂದರೆ 16 ಸೆಂ.ಮೀ. ನಿಜವಾದ ದೊಡ್ಡ ಬಾಟಲಿ ಒಂದಡಿಯ ಹತ್ತಿರ ಇರುತ್ತದೆ. ಎತ್ತರವೊಂದನ್ನೇ ನಂಬುವಂತಿಲ್ಲ, ಬಾಟಲಿ ಕ್ಯಾಮೆರಾ ಕಡೆಗೆ ವಾಲಿದ್ದರೆ ಗಿಡ್ಡವಾಗಿ ಕಾಣುತ್ತದೆ. ಆದರೆ ವಾಲಿದ ಮಾತ್ರಕ್ಕೆ ಅಗಲ ಕಡಿಮೆಯಾಗುವುದಿಲ್ಲ. 4 ಸೆಂ.ಮೀ. ಅಗಲದ ಬಿಯರ್ ಬಾಟಲಿಯನ್ನು ನಾನಂತೂ ಕಂಡಿಲ್ಲ.

ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಣ್ಣ ಸಂದು. ತಿದ್ದುವವರು ಹೊರಗಿನ ಅಂಚನ್ನು ಚೊಕ್ಕಟ ಮಾಡುತ್ತಾರೆ, ಇಂಥ ಸಂದನ್ನು ಮರೆಯುತ್ತಾರೆ. ಅಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಏನೋ ಹೊಳೆಯುವ ಗುಲಾಬಿ ಬಣ್ಣವಿತ್ತು. ಹೂಗುಚ್ಛಕ್ಕೆ ಸುತ್ತುವ ಹಾಳೆಯಂತಿತ್ತು. ಬೆರಳಿನ ಒಳಬದಿಗೂ ಅದೇ ಗುಲಾಬಿ ಛಾಯೆ. ಗಾಢ ಬಣ್ಣದ ವಸ್ತುವನ್ನು ಹಿಡಿದಾಗ ಅದರ ಬಣ್ಣ ಚರ್ಮದ ಮೇಲೆ ಪ್ರತಿಫಲಿಸುತ್ತದೆ, ವಸ್ತುವನ್ನು ತೆಗೆದರೂ ಆ ಛಾಯೆ ಕೈಮೇಲೆ ಉಳಿಯುತ್ತದೆ. ಕಂದು ಗಾಜಿನ ಬಾಟಲಿ ಗುಲಾಬಿ ಛಾಯೆ ಕೊಡುವುದಿಲ್ಲ. ಕೋಟಿನ ಮೇಲೆ, ಹೂಗಳು ಮರೆಮಾಡಿದ್ದಿರಬಹುದಾದ ಜಾಗದಲ್ಲಿ, ಒಂದೇ ಮಡಿಕೆ ಎರಡು ಕಡೆ ಪಡಿಯಚ್ಚಿನಂತೆ ಕಾಣುತ್ತಿತ್ತು. ಖಾಲಿಯಾದ ಜಾಗಕ್ಕೆ ಪಕ್ಕದ ಬಟ್ಟೆಯನ್ನೇ ನಕಲು ಮಾಡಿ ತುಂಬಿದ ಗುರುತದು.

ಈ ತಂತ್ರ ಇನ್ನೂ ದೊಡ್ಡ ಕೇಡಿಗೂ ಬಳಕೆಯಾಗಿದೆ. 2015ರ ನವೆಂಬರಿನಲ್ಲಿ ಪ್ಯಾರಿಸ್ ಮೇಲೆ ಭಯೋತ್ಪಾದಕ ದಾಳಿ ನಡೆದಾಗ, ಕೆನಡಾದ ಒಬ್ಬ ಸಿಖ್ ಯುವಕನ ಫೋಟೋ ದಾಳಿಕೋರನದೆಂದು ಹರಿದಾಡಿತು. ಮೂಲದಲ್ಲಿ ಆತ ಐಪ್ಯಾಡ್ ಹಿಡಿದು ಕನ್ನಡಿಯ ಮುಂದೆ ಸೆಲ್ಫಿ ತೆಗೆದುಕೊಂಡಿದ್ದ. ಯಾರೋ ಐಪ್ಯಾಡನ್ನು ಕುರಾನ್ ಆಗಿಸಿ, ಮೈಮೇಲೆ ಸ್ಫೋಟಕದ ಕವಚ ತೊಡಿಸಿದ್ದರು. ಸ್ಪೇನ್‌ನ ಲಾ ರಾಸೋನ್ ಪತ್ರಿಕೆ ಅದನ್ನು ಮುಖಪುಟದಲ್ಲೇ ಹಾಕಿತು. ಇಲ್ಲೂ ಬೆರಳು ಅಸಲಿಯೇ. ಆದರೆ ಕನ್ನಡಿ ಸೆಲ್ಫಿಯಲ್ಲಿ ಕೈಯಲ್ಲಿರುವುದು ಪುಸ್ತಕವಾದರೆ ಫೋಟೋ ತೆಗೆದದ್ದು ಯಾವುದು ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು. 2018ರಲ್ಲಿ ಅಮೆರಿಕದಲ್ಲಿ, ಬಂದೂಕು ಹಿಂಸೆಯ ವಿರುದ್ಧ ಮಾತಾಡುತ್ತಿದ್ದ ವಿದ್ಯಾರ್ಥಿ ಎಮ್ಮಾ ಗೊನ್ಸಾಲೆಸ್ ಗುರಿಹಲಗೆಯ ಹಾಳೆ ಹರಿಯುತ್ತಿದ್ದ ಚಿತ್ರವನ್ನು, ದೇಶದ ಸಂವಿಧಾನವನ್ನೇ ಹರಿದಂತೆ ತಿದ್ದಿ ಹಂಚಿದರು.

ಈ ಎರಡರಲ್ಲೂ ಮೂಲ ಚಿತ್ರ ಮೊದಲೇ ಇಂಟರ್ನೆಟ್‌ನಲ್ಲಿತ್ತು, ಹಾಗಾಗಿ ಸುಳ್ಳು ಬೇಗ ಬಯಲಾಯಿತು. ಊರಿನ ಮದುವೆಯ ಫೋಟೋಗೆ ಆ ಅನುಕೂಲವಿಲ್ಲ. ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಏನೂ ಸಿಗದು, ಏನೂ ಸಿಗಲಿಲ್ಲವೆಂದರೆ ಅಸಲಿ ಎಂದೂ ಅಲ್ಲ. ನೆರಳನ್ನು, ಬಣ್ಣದ ಛಾಯೆಯನ್ನು ನೋಡುವುದಕ್ಕೂ ಒಂದು ಮಿತಿ ಇದೆ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಕುಗ್ಗಿ ಮಸುಕಾಗಿರಬಹುದು, ಅಂಚಿನ ಗುರುತುಗಳು ಅಳಿಸಿಹೋಗಿರಬಹುದು. ಅಗಲದ ಲೆಕ್ಕ ಮಾತ್ರ ಮಸುಕಾದರೂ ಉಳಿಯುತ್ತದೆ. ಅದು ಕೂಡ ತಿದ್ದಿದ ಅನುಮಾನ ಹುಟ್ಟಿಸುತ್ತದೆಯೇ ಹೊರತು ಕೈಯಲ್ಲಿ ಮೊದಲು ಏನಿತ್ತೆಂದು ಹೇಳುವುದಿಲ್ಲ.

ಅದಕ್ಕೆ ಮದುವೆ ಮನೆಯ ಆಲ್ಬಂ ಬೇಕು. ವೇದಿಕೆಯಲ್ಲಿ ಒಂದೇ ಗುಂಪನ್ನು ಫೋಟೋಗ್ರಾಫರ್ ಮೂರು ನಾಲ್ಕು ಬಾರಿ ಕ್ಲಿಕ್ಕಿಸುತ್ತಾರೆ, ಯಾರಾದರೂ ಕಣ್ಣು ಮುಚ್ಚಿರಬಹುದೆಂದು. ಹುಡುಗನ ಗೆಳೆಯನ ಮೂಲಕ ಆ ಫೋಟೋಗಳನ್ನು ತರಿಸಿದೆವು. ತೋಳಿನ ಅದೇ ಮಡಿಕೆ, ಅದೇ ಮುಷ್ಟಿ, ಅದರಲ್ಲಿ ಗುಲಾಬಿ ಹಾಳೆ ಸುತ್ತಿದ ಹೂಗುಚ್ಛ.

ದೊಡ್ಡಮ್ಮ ಎರಡನ್ನೂ ತುಂಬಾ ಹೊತ್ತು ನೋಡಿ, "ಬೆರಳು ಒಂದೇ ಕಣವ್ವ" ಅಂದರು. ಎರಡೂ ಫೋಟೋಗಳನ್ನು ಹೆಣ್ಣಿನ ಕಡೆಯವರಿಗೆ ಕಳಿಸಿದ್ದೇವೆ. ಅವರಿಂದ ಇನ್ನೂ ಉತ್ತರ ಬಂದಿಲ್ಲ.