ತಪ್ಪಿದ್ದರೆ ಮನ್ನಿಸಿ ಎನ್ನುವ ಮುನ್ನ

ನಮ್ಮ ಬಡಾವಣೆಯ ಮಹಿಳಾ ಸಮಾಜದಿಂದ ಕೆಲವು ವರ್ಷಗಳ ಹಿಂದೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಕಿರುಪುಸ್ತಕವೊಂದನ್ನು ಹೊರತಂದೆವು. ಟೀಚರಮ್ಮ ಎಂಬ ಕಾರಣಕ್ಕೆ ಮೊದಲ ಪುಟದ ಅರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲರೂ ಬರೆಯುವಂತೆಯೇ ನಾನೂ ಬರೆದೆ: 'ನಮ್ಮ ಅಲ್ಪಮತಿಗೆ ತೋಚಿದ್ದನ್ನು ಸಹೃದಯರ ಮುಂದಿಟ್ಟಿದ್ದೇವೆ. ಇದು ಎಲ್ಲರಿಗೂ ಉಪಯುಕ್ತವಾಗಲಿ. ತಪ್ಪಿದ್ದರೆ ಮನ್ನಿಸಿ.' ಎಲ್ಲರೂ ತಲೆದೂಗಿದರು.

ಮುಂದಿನ ಬೇಸಿಗೆಯಲ್ಲಿ ಹೊಸದಾಗಿ ಸಂಸಾರ ಹೂಡಿದ್ದ ಹುಡುಗಿಯೊಬ್ಬಳು ಜಾಡಿ ಹಿಡಿದುಕೊಂಡೇ ಮನೆಗೆ ಬಂದಳು. ಮುಚ್ಚಳ ತೆಗೆದರೆ ಮೇಲೆಲ್ಲ ಬಿಳಿ ಬೂಷ್ಟು. 4 ಕಿಲೋ ಮಾವಿನಕಾಯಿ, ಎಣ್ಣೆ, ಮೆಣಸಿನಪುಡಿ ಎಲ್ಲ ತಿಪ್ಪೆಗೆ. "ನೀವು ಬರೆದಷ್ಟೇ ಲೋಟ ಉಪ್ಪು ಹಾಕಿದ್ದೆ ಮೇಡಂ" ಎಂದಳು. ಹಾಕಿದ್ದು ನಿಜ. ಆದರೆ ನಾವು ಅಳೆದದ್ದು ಪುಡಿ ಉಪ್ಪು, ಅವಳು ಹಾಕಿದ್ದು ಹರಳುಪ್ಪು. ಹರಳುಗಳ ನಡುವೆ ಸಂದು ಇರುವುದರಿಂದ ಅದೇ ಲೋಟದಲ್ಲಿ ಹರಳುಪ್ಪು ತೂಕಕ್ಕೆ ಕಡಿಮೆ ಬರುತ್ತದೆ. ಉಪ್ಪು ಸಾಲದ ಹೋಳು ಕೆಡದೆ ಇದ್ದೀತೇ? ಯಾವ ಉಪ್ಪು, ಎಷ್ಟು ದೊಡ್ಡ ಲೋಟ ಎಂಬುದನ್ನು ನಾವು ಎಲ್ಲಿಯೂ ಹೇಳಿರಲಿಲ್ಲ. ಮನ್ನಿಸಿ ಎಂದು ಮಾತ್ರ ಹೇಳಿದ್ದೆವು!

ಆ ದಿನದಿಂದ ನನಗೆ ಈ ಹುಸಿ ವಿನಯದ ಮೇಲೆ ಸಿಟ್ಟು. 'ಮನ್ನಿಸಿ' ಎಂಬುದು ನಮ್ಮ ಜವಾಬ್ದಾರಿಯನ್ನು ಓದುಗಳ ತಲೆಗೆ ಕಟ್ಟುವ ಮಾತು. 'ಎಲ್ಲರಿಗೂ' ಎಂಬುದು ಯಾರನ್ನೂ ನೆನೆಯದೆ ಬರೆದ ಮಾತು. ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ ಆರಂಭಿಸಿದ ಗ್ರಂಥಮಾಲೆಗೆ 'ಸತೀ ಹಿತೈಷಿಣಿ' ಎಂದು ಹೆಸರಿಟ್ಟಿದ್ದರು. ಆ ಪುಸ್ತಕ ಯಾರಿಗೆ ಎಂಬುದು ಹೆಸರಿನಲ್ಲಿಯೇ ತಿಳಿಯುತ್ತದೆ. ನಮಗೋ ಒಂದಿಡೀ ಪುಟವಿದ್ದರೂ ಅಷ್ಟು ಹೇಳಲಾಗಲಿಲ್ಲ.

ಎರಡನೆಯ ಮುದ್ರಣಕ್ಕೆ ನಾನು ಬರೆದ ಅರಿಕೆ ಹೀಗಿದೆ:

'ಹಿರಿಯರ ನೆರವಿಲ್ಲದೆ ಮೊದಲ ಸಲ ಉಪ್ಪಿನಕಾಯಿ ಹಾಕುವವರಿಗಾಗಿ ಈ ಪುಸ್ತಕ. ಅಳತೆಗಳು ನಾಲ್ಕು ಜನರ ಮನೆಗೆ. ಲೋಟವೆಂದರೆ 200 ಮಿಲಿ. ಉಪ್ಪನ್ನು ಮಾತ್ರ ತೂಕದಲ್ಲಿ ಕೊಟ್ಟಿದ್ದೇವೆ. ಉಪ್ಪು ತಗ್ಗಿಸಿರೆಂದು ವೈದ್ಯರು ಹೇಳಿದವರಿಗೆ ಇದು ತಕ್ಕದ್ದಲ್ಲ. ಉಪ್ಪು ತಗ್ಗಿಸಿದರೆ ಇವು ಕೆಡುತ್ತವೆ. ಪ್ರತಿಯೊಂದನ್ನೂ ಇಬ್ಬರು ತಮ್ಮ ತಮ್ಮ ಮನೆಯಲ್ಲಿ ಹಾಕಿ ಆರು ತಿಂಗಳು ಇಟ್ಟು ನೋಡಿದ್ದಾರೆ. ಒಮ್ಮೆ ಮಾತ್ರ ಮಾಡಿದವಕ್ಕೆ ನಕ್ಷತ್ರದ ಗುರುತಿದೆ. ಮೊದಲ ಮುದ್ರಣದಲ್ಲಿ ಉಪ್ಪಿನ ಅಳತೆ ಸ್ಪಷ್ಟವಿರಲಿಲ್ಲ, ತಿದ್ದಿದ್ದೇವೆ. ಅಚ್ಚಿನ ಅರ್ಧ ವೆಚ್ಚ ಎಣ್ಣೆ ಅಂಗಡಿಯವರದು. ಅವರ ಎಣ್ಣೆಯೇ ಆಗಬೇಕೆಂದು ನಾವೆಲ್ಲೂ ಬರೆದಿಲ್ಲ. ಕೆಟ್ಟರೆ ಕೆಳಗಿನ ವಿಳಾಸಕ್ಕೆ ತಿಳಿಸಿ.'

ಸಭೆಯಲ್ಲಿ ಗದ್ದಲವೇ ಆಯಿತು. "ನಮ್ಮ ತಪ್ಪನ್ನು ನಾವೇ ಡಂಗುರ ಹೊಡೆಯುವುದೇ?" ಎಂದರು ಒಬ್ಬರು. ಅಧ್ಯಕ್ಷೆಯವರ ಭಾವಚಿತ್ರ ಮತ್ತು ನನ್ನ ಬಿ.ಎ., ಬಿ.ಎಡ್. ಹಾಕಿದರೆ ನಂಬಿಕೆ ಬರುತ್ತದೆ ಎಂದರು ಇನ್ನೊಬ್ಬರು. ನನ್ನ ಬಿ.ಎಡ್. ನೋಡಿ ಬೂಷ್ಟು ದೂರ ನಿಲ್ಲುತ್ತದೆಯೇ? ಪದವಿ ನಾನು ಓದಿದ್ದನ್ನು ಹೇಳುತ್ತದೆ, ಹಾಕಿ ನೋಡಿದ್ದನ್ನಲ್ಲ. ಇಬ್ಬರು, ಆರು ತಿಂಗಳು ಎಂಬ ಮಾತನ್ನು ಓದುಗಳು ನಮ್ಮ ಮನೆಗೆ ಬಂದು ಜಾಡಿ ತೆರೆಸಿ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸಬಹುದಾದ ಮಾತಿಗೇ ನಂಬಿಕೆ ಹುಟ್ಟುವುದು. ಎಣ್ಣೆಯವರ ಹಣದ ವಿಷಯವನ್ನು ನಾವೇ ಹೇಳಿಬಿಟ್ಟರೆ ಅದು ಮಾಹಿತಿ. ಅವಳೇ ಪತ್ತೆಹಚ್ಚಿದರೆ ಅದು ಮೋಸ. ಆದರೆ ಒಂದು ಎಚ್ಚರಿಕೆ: ಇಬ್ಬರು ಮಾಡಿ ನೋಡದೆ ಹೀಗೆ ಬರೆದರೆ ಅದು 'ಮನ್ನಿಸಿ'ಗಿಂತ ದೊಡ್ಡ ಪಾಪ. ಆದ್ದರಿಂದಲೇ ನಕ್ಷತ್ರದ ಗುರುತು ಬೇಕಾಯಿತು.

ಅರಿಕೆ ಸರಿಯಾಗಿದೆಯೇ ಎಂದು ತಿಳಿಯಲು ನಾನು ತರಗತಿಯ ಉಪಾಯವನ್ನೇ ಮಾಡಿದೆ. ನಮ್ಮನ್ನು ಅರಿಯದ ಒಬ್ಬಾಕೆಗೆ ಓದಲು ಕೊಟ್ಟು, ಪುಸ್ತಕ ಮುಚ್ಚಿಸಿ, ಎರಡೇ ಪ್ರಶ್ನೆ ಕೇಳಿದೆ: ಇದು ಯಾರಿಗೆ? ಏಕೆ ನಂಬಬೇಕು? ಹಳೆಯದನ್ನು ಓದಿ ಆಕೆ, "ಪಾಪ, ಒಳ್ಳೆಯವರು" ಎಂದಳು. ಹೊಸದನ್ನು ಓದಿ, "ನನ್ನ ಸೊಸೆಗೆ ಆದೀತು. ನನಗೆ ಬೇಡ, ನನಗೆ ಬಿ.ಪಿ. ಇದೆ" ಎಂದು ಪುಸ್ತಕ ಹಿಂದಿರುಗಿಸಿದಳು.

ಒಂದು ಪ್ರತಿ ಮಾರಾಟ ತಪ್ಪಿತೆಂದು ಖಜಾಂಚಿ ಮುಖ ಸಣ್ಣಗೆ ಮಾಡಿದರು. ನನಗೆ ಮಾತ್ರ ಅರಿಕೆ ತನ್ನ ಕೆಲಸ ಮಾಡಿತೆನಿಸಿತು.